ಕಾರ್ಡ್ ಮುಚ್ಚುವ ಮುನ್ನ ಒಂದು ವರ್ಷದ ಬಿಲ್ ತಿರುವಿ

‘ಮೊದಲ ವರ್ಷ ಫ್ರೀ’ ಎಂದು ಕೊಟ್ಟ ಕ್ರೆಡಿಟ್ ಕಾರ್ಡ್ ಎರಡನೇ ವರ್ಷ ತನ್ನ ಬೆಲೆ ಹೇಳುತ್ತದೆ. ವಾರ್ಷಿಕ ಶುಲ್ಕ ಸಾವಿರ ರೂಪಾಯಿಯಾದರೆ, ಜಿಎಸ್‌ಟಿ ಸೇರಿ ಬಿಲ್ಲಿಗೆ ಬರುವುದು 1,180. ಬಳಕೆ ಕಡಿಮೆ ಇದ್ದವರು ಮುಚ್ಚಿಬಿಡುವುದೇ ಸರಿ. ಆದರೆ ಆ ಕಾರ್ಡಿನಿಂದ ತಾನಾಗಿಯೇ ಕಟ್ಟಿಹೋಗುತ್ತಿರುವ ಹಣದ ಗತಿಯೇನು?

ಮೈಸೂರಿನ ಒಂದು ಮನೆ ಎಂದಿಟ್ಟುಕೊಳ್ಳಿ. ಶುಲ್ಕ ಬೀಳುವುದು ನವೆಂಬರಿನಲ್ಲಿ. ಮನೆಯವರು ಸೆಪ್ಟೆಂಬರಿನಲ್ಲಿ ಕೂತು ಮೂರು ತಿಂಗಳ ಬಿಲ್ ನೋಡುತ್ತಾರೆ. ಮೊಬೈಲ್ ಬಿಲ್ಲು, ಸಿನಿಮಾ ಆ್ಯಪಿನ ಚಂದಾ ಸಿಗುತ್ತವೆ. ಜನವರಿಯಲ್ಲಿ ಕಟ್ಟಿಹೋದ 18,400 ರೂಪಾಯಿಯ ಆರೋಗ್ಯ ವಿಮೆ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಸಾಮಾನ್ಯವಾಗಿ 15,000 ರೂಪಾಯಿ ದಾಟಿದ ಪಾವತಿಗೆ ಪ್ರತಿ ಸಲವೂ ಒಟಿಪಿ ಬೇಕು. ಆದರೆ ವಿಮಾ ಕಂತಿನಂಥ ಕೆಲವು ಪಾವತಿಗಳಿಗೆ ರಿಸರ್ವ್ ಬ್ಯಾಂಕ್ ಈ ಮಿತಿಯನ್ನು ಒಂದು ಲಕ್ಷಕ್ಕೆ ಏರಿಸಿದೆ. ಹಾಗಾಗಿ ಅದು ಸದ್ದಿಲ್ಲದೆ ಹೋಗಿರುತ್ತದೆ, ನೆನಪಿನಿಂದಲೂ ಜಾರಿರುತ್ತದೆ. ಮುಂದಿನ ಜನವರಿಯಲ್ಲಿ ಕಾರ್ಡೇ ಇರುವುದಿಲ್ಲ. ವಿನಾಯಿತಿ ದಿನಗಳೊಳಗೆ ಯಾರೂ ಗಮನಿಸದಿದ್ದರೆ ಪಾಲಿಸಿ ರದ್ದು. ಆದ್ದರಿಂದ ನೋಡಬೇಕಾದದ್ದು ಪೂರಾ ಹನ್ನೆರಡು ತಿಂಗಳ ಬಿಲ್. ಬ್ಯಾಂಕಿನ ಆ್ಯಪಿನಲ್ಲಿ ಇ-ಮ್ಯಾಂಡೇಟ್ ಪಟ್ಟಿಯೂ ಇರುತ್ತದೆ. ಹಣ ಕಡಿಯುವ 24 ಗಂಟೆ ಮೊದಲು ಬರುವ ಹಳೆಯ ಎಸ್‌ಎಂಎಸ್‌ಗಳನ್ನು ಹುಡುಕಿದರೂ ಸುಳಿವು ಸಿಗುತ್ತದೆ.

ಈ ಮ್ಯಾಂಡೇಟನ್ನು ಬ್ಯಾಂಕು ಇನ್ನೊಂದು ಕಾರ್ಡಿಗೆ ವರ್ಗಾಯಿಸಿ ಕೊಡುವುದಿಲ್ಲ. ವಿಮಾ ಕಂಪನಿಯ, ಮೊಬೈಲ್ ಕಂಪನಿಯ ತಾಣಕ್ಕೆ ನಾವೇ ಹೋಗಿ ಹೊಸ ಕಾರ್ಡ್ ಅಥವಾ ಯುಪಿಐ ಆಟೊಪೇ ಸೇರಿಸಿ, ಒಟಿಪಿಯನ್ನೋ ಪಿನ್ನನ್ನೋ ಕೊಟ್ಟು ಒಪ್ಪಿಗೆ ನೀಡಬೇಕು. ತಿಂಗಳ ಪಾವತಿಗಳು ಒಂದು ಸಲ ಹೊಸ ದಾರಿಯಲ್ಲಿ ಹೋದದ್ದನ್ನು ಕಂಡ ಮೇಲೆಯೇ ಹಳೆಯದನ್ನು ರದ್ದು ಮಾಡಿ. ಬೇಡದ ಚಂದಾ ಇದ್ದರೆ ಮ್ಯಾಂಡೇಟ್ ನಿಲ್ಲಿಸಿದರಷ್ಟೇ ಸಾಲದು. ಚಂದಾವನ್ನೂ ಆ ಕಂಪನಿಯಲ್ಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಬಾಕಿ ಎಂದು ಕಾಡುವುದುಂಟು. ಇದಕ್ಕೆಲ್ಲ ಒಂದೂವರೆ ತಿಂಗಳಾದರೂ ಬೇಕು. ಸೆಪ್ಟೆಂಬರ್ ಎಂದದ್ದು ಅದಕ್ಕೇ.

ಮುಚ್ಚುವುದು ಇದಕ್ಕಿಂತ ಸುಲಭ. ರಿವಾರ್ಡ್ ಪಾಯಿಂಟ್ ಇದ್ದರೆ ಮೊದಲೇ ಬಳಸಿಕೊಳ್ಳಿ. ಕಾರ್ಡಿನ ಮೇಲೆ ಇಎಂಐ ಓಡುತ್ತಿದ್ದರೆ ಉಳಿದ ಅಸಲನ್ನು ಒಟ್ಟಿಗೆ ಕಟ್ಟಲು ಹೇಳಬಹುದು, ವಿಚಾರಿಸಿಕೊಳ್ಳಿ. ಬಾಕಿ ಪೂರ್ತಿ ತೀರಿಸಿ, ಆ್ಯಪ್ ಅಥವಾ ಇಮೇಲ್ ಮೂಲಕ ಬರವಣಿಗೆಯಲ್ಲಿ ಕೋರಿಕೆ ಕೊಟ್ಟು ದೂರಿನ ಸಂಖ್ಯೆಯಂತೆ ಅದರ ಸಂಖ್ಯೆಯನ್ನೂ ಇಟ್ಟುಕೊಳ್ಳಿ. ‘ಶುಲ್ಕ ಮನ್ನಾ ಮಾಡುತ್ತೇವೆ, ಇಟ್ಟುಕೊಳ್ಳಿ’ ಎಂಬ ಫೋನ್ ಬರುವುದು ಇದೇ ಹೊತ್ತಿಗೆ. ನಿಜಕ್ಕೂ ಮನ್ನಾ ಆಗುವುದಾದರೆ ಒಪ್ಪಿಕೊಳ್ಳುವುದರಲ್ಲಿ ತಪ್ಪೇನಿಲ್ಲ, ಆದರೆ ಮಾತಿನಲ್ಲಲ್ಲ, ಇಮೇಲ್‌ನಲ್ಲಿ ಬರಲಿ.

ರಿಸರ್ವ್ ಬ್ಯಾಂಕ್ ನಿಯಮದಂತೆ, ಬಾಕಿಯಿಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯನ್ನು ಬ್ಯಾಂಕು ಗ್ರಾಹಕರಿಗೆ ಕೊಡಬೇಕು. ಮುಚ್ಚಿದ ಸಂದೇಶ ಬಂದ ಒಂದೆರಡು ತಿಂಗಳ ಬಳಿಕ ಕ್ರೆಡಿಟ್ ವರದಿ ತೆಗೆದು, ಆ ಖಾತೆಯ ಎದುರು ‘ಕ್ಲೋಸ್ಡ್’ ಎಂದಿದೆಯೇ, ಬಾಕಿ ಸೊನ್ನೆಯೇ ಎಂದು ನೋಡಿಕೊಳ್ಳಿ.