ಸೆಖೆಗಾಲದ ಜಿಡ್ಡುತಲೆ: ದಿನಾ ತೊಳೆದರೆ ಎಣ್ಣೆ ಹೆಚ್ಚುತ್ತದೆಯೇ?

ಮಂಗಳೂರು, ಉಡುಪಿ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಬೆಳಿಗ್ಗೆ ತಲೆಸ್ನಾನ ಮಾಡಿ ಹೊರಟವರ ನೆತ್ತಿ ಸಂಜೆಯಾಗುವಷ್ಟರಲ್ಲಿ ಮತ್ತೆ ಜಿಡ್ಡು. ಮರುದಿನವೂ ತೊಳೆಯೋಣವೆಂದರೆ ಮನೆಯಲ್ಲೋ ಪಾರ್ಲರಿನಲ್ಲೋ ಯಾರಾದರೂ ತಡೆಯುತ್ತಾರೆ: “ದಿನಾ ಶಾಂಪೂ ಹಾಕ್ಬೇಡ, ತೊಳೆದಷ್ಟೂ ಎಣ್ಣೆ ಜಾಸ್ತಿ ಬರ್ತದೆ.” ಈ ಮಾತು ನಂಬಿ ನಾಲ್ಕೈದು ದಿನ ತುರಿಕೆ ಸಹಿಸುವವರು ಬಹಳ ಮಂದಿ. ಸಹಿಸಬೇಕಾಗಿಲ್ಲ.

ಪ್ರತಿ ಕೂದಲಿನ ಬುಡಕ್ಕೂ ಅಂಟಿಕೊಂಡಂತೆ ಪುಟ್ಟ ಎಣ್ಣೆಗ್ರಂಥಿಗಳಿರುತ್ತವೆ. ಅವು ಎಷ್ಟು ಎಣ್ಣೆ ಸುರಿಸಬೇಕೆಂದು ನಿರ್ಧರಿಸುವುದು ಮುಖ್ಯವಾಗಿ ಆಂಡ್ರೋಜೆನ್ ಹಾರ್ಮೋನುಗಳು ಮತ್ತು ವಂಶಗುಣ. ಮೇಲಿನ ಜಿಡ್ಡು ತೊಳೆದುಹೋಯಿತೋ ಉಳಿಯಿತೋ ಎಂಬುದು ಗ್ರಂಥಿಗೆ ತಿಳಿಯುವುದಿಲ್ಲ. ತೊಳೆದ ಮೇಲೂ ಅದು ಮೊದಲಿನ ವೇಗದಲ್ಲೇ ಕೆಲಸ ಮಾಡುತ್ತದೆ. ಸೆಖೆಯ ಮಾತು ಬೇರೆ. ಚರ್ಮದ ಬಿಸಿ ಏರಿದಂತೆ ಎಣ್ಣೆ ತೆಳುವಾಗಿ, ಬೇಗ ಹೊರಗೆ ಹರಿಯುತ್ತದೆ. ಒಂದು ಡಿಗ್ರಿ ಏರಿದರೆ ಹೊರಬರುವ ಪ್ರಮಾಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ ಎಂಬ ಅಂದಾಜಿದೆ. ಅದಕ್ಕೆ ಆರದ ಬೆವರೂ ಸೇರಿ ಕೂದಲು ನೆತ್ತಿಗೆ ಅಂಟಿಕೊಳ್ಳುತ್ತದೆ.

ಹಾಗಾದರೆ ‘ತೊಳೆದಷ್ಟೂ ಹೆಚ್ಚು’ ಎಂದು ಅನಿಸುವುದೇಕೆ? ಹಗುರವಾಗಿ ಹಾರಾಡುತ್ತಿದ್ದ ಕೂದಲಿನಲ್ಲಿ ಮೊದಲ ಜಿಡ್ಡು ತಟ್ಟನೆ ಕಣ್ಣಿಗೆ ಬೀಳುತ್ತದೆ. ಮೊದಲೇ ಎಣ್ಣೆಯಾದ ತಲೆಯಲ್ಲಿ ಇನ್ನಷ್ಟು ಸೇರಿದರೆ ಗೊತ್ತಾಗದು. ಇನ್ನೊಂದು ಕಾರಣ ನಾವೇ ಮಾಡುವ ಕೆಲಸ. ಖಾರವಾದ ಶಾಂಪೂ ಹಾಕಿ ಉಗುರಿನಿಂದ ಗೀರಿ ಉಜ್ಜುತ್ತೇವೆ, ತುದಿ ಒರಟಾಯಿತೆಂದು ಕಂಡೀಷನರನ್ನು ಬುಡಕ್ಕೂ ಬಳಿಯುತ್ತೇವೆ. ಸಂಜೆಯ ಜಿಡ್ಡಿನಲ್ಲಿ ಆ ಕಂಡೀಷನರಿನ ಪಾಲೂ ಇರುತ್ತದೆ.

2021ರಲ್ಲಿ ಪ್ರಕಟವಾದ, ಏಷ್ಯಾದವರ ಮೇಲೆ ನಡೆದ ಅಧ್ಯಯನವೊಂದರಲ್ಲಿ ವಾರಕ್ಕೆ ಐದಾರು ಸಲ ತೊಳೆದವರೇ ತಮ್ಮ ಕೂದಲು, ನೆತ್ತಿಯ ಬಗ್ಗೆ ಹೆಚ್ಚು ಸಮಾಧಾನ ಹೇಳಿದ್ದರು. ಶಾಂಪೂ ಮಾರುವ ಕಂಪನಿಯವರೇ ಮಾಡಿದ ಅಧ್ಯಯನವದು. ಅಷ್ಟು ಅನುಮಾನ ಇಟ್ಟುಕೊಂಡೇ ಓದಬೇಕು.

ನಿಮ್ಮ ಅಂತರ ಎಷ್ಟೆಂದು ಮನೆಯಲ್ಲೇ ನೋಡಬಹುದು. ದಿನಾ ಹೆಲ್ಮೆಟ್ ಹಾಕಿ ಸ್ಕೂಟರಿನಲ್ಲಿ ಬ್ಯಾಂಕಿಗೆ ಹೋಗುವ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಿ. ಸೋಮವಾರ ಬೆಳಿಗ್ಗೆ ತಲೆಗೆ ಸ್ನಾನ. ಮಂಗಳವಾರ ಬೆಳಿಗ್ಗೆ ಬೈತಲೆಯ ಮೇಲೆ ಟಿಶ್ಯೂ ಪೇಪರ್ ಒತ್ತಿದರೆ ಬರಿಯ ಮಸುಕು ಕಲೆ, ತುರಿಕೆಯಿಲ್ಲ. ಸಂಜೆ ಒತ್ತಿದರೆ ಕಾಗದ ಪಾರದರ್ಶಕ, ಕೂದಲು ಎಳೆಎಳೆಯಾಗಿ ಅಂಟಿದೆ. ಅಂದರೆ ಆಕೆಗೆ ಬುಧವಾರ ಬೆಳಗಿನವರೆಗೆ ತಳ್ಳಬಹುದು: ದಿನ ಬಿಟ್ಟು ದಿನ ಸಾಕು. ಮಂಗಳವಾರ ಬೆಳಿಗ್ಗೆಯೇ ಕಾಗದ ನೆನೆದರೆ ದಿನಾ ತೊಳೆಯಲಿ, ಹಾನಿಯೇನಿಲ್ಲ. ಡಿಸೆಂಬರಿನಲ್ಲಿ ಅದೇ ತಲೆಗೆ ಮೂರು ದಿನದ ಅಂತರವೂ ಒಗ್ಗಬಹುದು. ತೀರಾ ಗುಂಗುರು ಅಥವಾ ಬಣ್ಣ ಹಚ್ಚಿದ ಕೂದಲಿನವರಿಗೆ ಮಾತ್ರ ದಿನಾ ತೊಳೆಯುವುದು ಒಣಗುವಿಕೆ ತರುತ್ತದೆ.

ದಿನಾ ತೊಳೆಯುವವರು ಮೃದು ಶಾಂಪೂ ಆರಿಸಿಕೊಳ್ಳಲಿ. ಎರಡು ರೂಪಾಯಿ ನಾಣ್ಯದಷ್ಟು ಶಾಂಪೂವನ್ನು ಅರ್ಧ ಮಗ್ ನೀರಿನಲ್ಲಿ ಕದಡಿ, ಬೆರಳ ತುದಿಯ ಮೆತ್ತನೆ ಭಾಗದಿಂದ ಒಂದು ನಿಮಿಷ ನೆತ್ತಿಯನ್ನಷ್ಟೇ ತಿಕ್ಕಬೇಕು. ಉದ್ದ ಕೂದಲಿಗೆ ಇಳಿದುಬರುವ ನೊರೆಯೇ ಸಾಕು. ಕಂಡೀಷನರ್ ಕಿವಿಯಿಂದ ಕೆಳಗೆ ಮಾತ್ರ. ಬುಡ ಆರುವ ಮೊದಲು ಜಡೆ ಹಾಕಬೇಡಿ, ಹೆಲ್ಮೆಟ್ಟೂ ಬೇಡ. ದಾಸವಾಳದ ಗೊಂಪಿನಿಂದ ತೊಳೆಯುವವರು ಸಂತೋಷವಾಗಿ ಮುಂದುವರಿಸಿ, ಆದರೆ ಹೆಚ್ಚು ಎಣ್ಣೆಯಿರುವ ತಲೆಗೆ ಅದೊಂದೇ ಸಾಲದು.

ತೆಂಗಿನೆಣ್ಣೆಯ ವಿಷಯದಲ್ಲಿ ಕರಾವಳಿಯವರೊಡನೆ ಜಗಳ ಬೇಡ. ಕೂದಲಿನೆಳೆಗೆ ಅದು ಒಳ್ಳೆಯದೇ. ತೊಳೆಯುವ ಮೊದಲು ತುದಿಗಳಿಗೆ ಹಚ್ಚಿ. ಆದರೆ ಜಿಡ್ಡುನೆತ್ತಿಗೆ ಹಚ್ಚಿ ರಾತ್ರಿಯಿಡೀ ಬಿಡುವುದು ಬೇಡ. ತಲೆಹೊಟ್ಟಿಗೆ ಕಾರಣವಾಗುವ ಮಲಸೇಝಿಯಾ ಎಂಬ ಶಿಲೀಂಧ್ರಕ್ಕೆ ಎಣ್ಣೆಯೇ ಆಹಾರ.

ತೊಳೆದ ಕೂಡಲೇ ನೆತ್ತಿ ಬಿಗಿದು ಉರಿದರೆ, ಒಣ ಬಿಳಿ ಪುಡಿ ಉದುರಿದರೆ ಶಾಂಪೂ ಒಗ್ಗುತ್ತಿಲ್ಲ, ಬದಲಿಸಿ. ಹಳದಿ, ಅಂಟುಹೊಟ್ಟು ಮತ್ತು ಕೆಂಪು ಕಂಡರೆ ಕಡಿಮೆ ತೊಳೆದದ್ದೇ ಕಾರಣವಿರಬಹುದು. ಅದಕ್ಕೆ ಶೇ. 2ರ ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆರಡು ಸಲ, ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯುತ್ತ ನಾಲ್ಕು ವಾರ ನೋಡಬಹುದು. ಆಗಲೂ ತಗ್ಗದಿದ್ದರೆ, ಅಥವಾ ಎಣ್ಣೆ ಹೆಚ್ಚಿದ ಜೊತೆಗೆ ಮುಟ್ಟು ಏರುಪೇರಾಗಿ ಗಲ್ಲದ ಮೇಲೆ ಕೂದಲು ಬರುತ್ತಿದ್ದರೆ, ಇನ್ನೊಂದು ಶಾಂಪೂ ಬಾಟಲಿಗೆ ದುಡ್ಡು ಹಾಕುವ ಮೊದಲು ಚರ್ಮವೈದ್ಯರನ್ನೋ ಸ್ತ್ರೀರೋಗ ವೈದ್ಯರನ್ನೋ ಕಂಡು ಹಾರ್ಮೋನು ಪರೀಕ್ಷೆಯ ಬಗ್ಗೆ ಕೇಳಿ.