ಹಾರ್ಡ್ಲಿಯೊಳಗಿನ ‘ಇಲ್ಲ’

ಕೆಲಸದ ಅರ್ಜಿಯಲ್ಲಿ ಹುಡುಗನೊಬ್ಬ ‘ಐ ವರ್ಕ್ ಹಾರ್ಡ್ಲಿ’ ಎಂದು ಬರೆದರೆ, ಅದನ್ನು ಓದಿದವರಿಗೆ ಅವನು ಕೆಲಸ ಮಾಡುವುದೇ ಅಪರೂಪ ಎಂಬ ಭಾವನೆ ಬರುತ್ತದೆ. ಅವನು ಹೇಳಹೊರಟದ್ದು ತಾನು ಶ್ರಮಜೀವಿ ಎಂದು. ಅವನ ತರ್ಕವೇನೋ ಸರಿಯಾಗಿಯೇ ಇದೆ. ಸ್ಲೋ ಹೋಗಿ ಸ್ಲೋಲಿ ಆಗುತ್ತದೆ, ಕ್ವಿಕ್ ಹೋಗಿ ಕ್ವಿಕ್ಲಿ ಆಗುತ್ತದೆ. ನಾವೂ ಜೋರು ಎಂಬುದಕ್ಕೆ ‘ಆಗಿ’ ಹಚ್ಚಿ ಜೋರಾಗಿ ಎನ್ನುತ್ತೇವೆ. ಹಾಗಿದ್ದರೆ ಹಾರ್ಡ್ ಮಾತ್ರ ಏಕೆ ಈ ದಾರಿಗೆ ಬರಲಿಲ್ಲ?

ಸುಮಾರು 1000 ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಗುಣವಾಚಕದ ಕೊನೆಗೆ ‘ಎ’ ಸ್ವರ ಸೇರಿಸಿದರೆ ಕ್ರಿಯಾವಿಶೇಷಣವಾಗುತ್ತಿತ್ತು. ಹಾರ್ಡ್‌ಗೂ ಫಾಸ್ಟ್‌ಗೂ ಹಾಗೆ ಬಾಲವಿದ್ದ ಎರಡನೆಯ ರೂಪವಿತ್ತು. ಮುಂದೆ ಜನರ ಬಾಯಲ್ಲಿ ಆ ಸ್ವರ ಸವೆಯುತ್ತ ಬಂದು, 15ನೇ ಶತಮಾನದ ಹೊತ್ತಿಗೆ ಉಚ್ಚಾರದಿಂದ ಅಳಿಸಿಯೇ ಹೋಯಿತು. ಎರಡು ರೂಪಗಳು ಒಂದಾದವು. ‘ಫಾಸ್ಟ್ ಟ್ರೈನ್’ ಎಂದಾಗಲೂ ‘ರನ್ ಫಾಸ್ಟ್’ ಎಂದಾಗಲೂ ಪದ ಒಂದೇ ಆಗಿ ಕಾಣುವುದು ಇದರಿಂದ. ಬಾಲ ಕಳೆದುಕೊಂಡ ಎಷ್ಟೋ ಪದಗಳು ‘ಲಿ’ ಪ್ರತ್ಯಯವನ್ನು ಹಿಡಿದವು. ಫಾಸ್ಟ್‌ಗೆ ಅದು ಉಳಿಯಲಿಲ್ಲ. ಇಂದು ‘ಫಾಸ್ಟ್ಲಿ’ ಎಂದರೆ ತಪ್ಪು.

ಹಾರ್ಡ್‌ಗೆ ಮಾತ್ರ ಎರಡೂ ಉಳಿದವು, ಆದರೆ ಬೇರೆ ಬೇರೆ ಅರ್ಥದಲ್ಲಿ. ಹಾರ್ಡ್ಲಿಗೂ ಮೊದಲು ಬಲವಾಗಿ, ಕಠಿಣವಾಗಿ ಎಂಬ ಅರ್ಥವೇ ಇತ್ತು. ಆಮೇಲೆ ಅದು ‘ಕಷ್ಟದಿಂದ’ ಎಂಬುದರ ಕಡೆ ವಾಲಿತು. ಕಷ್ಟದಿಂದ ಆಗುವ ಕೆಲಸ ಆಗುವುದೇ ಕಡಿಮೆ. ಹಾಗಾಗಿ ಅರ್ಥ ‘ಇಲ್ಲವೆನ್ನುವಷ್ಟು’ ಎಂಬಲ್ಲಿಗೆ ಬಂದು ನಿಂತಿತು. ಈ ಜಾರುವಿಕೆ ನಮಗೆ ಅಪರಿಚಿತವಲ್ಲ. ‘ಈ ಮಳೇಲಿ ಅವನು ಬರೋದು ಕಷ್ಟ’ ಎಂದಾಗ ನಾವು ಅವನ ಕಾಲುನೋವಿನ ಬಗ್ಗೆ ಹೇಳುತ್ತಿಲ್ಲ, ಬರಲಿಕ್ಕಿಲ್ಲ ಎಂದೇ ಹೇಳುತ್ತಿದ್ದೇವೆ.

ಹಾರ್ಡ್ಲಿಯೊಳಗೆ ಹೀಗೊಂದು ‘ಇಲ್ಲ’ ಸೇರಿಕೊಂಡಿದೆ ಎನ್ನಲು ವ್ಯಾಕರಣವೇ ಸಾಕ್ಷಿ. ಇಂಗ್ಲಿಷಿನಲ್ಲಿ ವಾಕ್ಯದ ತುದಿಗೆ ‘ಅಲ್ಲವೇ’ ಎಂದು ಕೇಳುವಾಗ, ಮುಂದಿನ ಮಾತು ಹೌದೆಂದಿದ್ದರೆ ಬಾಲದಲ್ಲಿ ನಕಾರ ಬರುತ್ತದೆ, ಇಲ್ಲವೆಂದಿದ್ದರೆ ಬರುವುದಿಲ್ಲ. ‘ಹೀ ಸ್ಪೀಕ್ಸ್’ ಆದಮೇಲೆ ‘ಡಸಂಟ್ ಹೀ’ ಬರುತ್ತದೆ. ‘ಹೀ ಹಾರ್ಡ್ಲಿ ಸ್ಪೀಕ್ಸ್’ ಆದಮೇಲೆ ಬರುವುದು ‘ಡಸ್ ಹೀ’. ವಾಕ್ಯದಲ್ಲಿ ನಾಟ್ ಎಲ್ಲಿಯೂ ಇಲ್ಲ, ಆದರೂ ಅದು ನಕಾರದಂತೆಯೇ ನಡೆದುಕೊಂಡಿದೆ. ‘ಐ ಕಾಂಟ್ ಹಾರ್ಡ್ಲಿ ಹಿಯರ್’ ಎಂಬುದನ್ನು ಶಿಷ್ಟ ಬರಹದಲ್ಲಿ ತಿದ್ದುವುದೂ ಇದಕ್ಕೇ, ಅಲ್ಲಿ ನಕಾರ ಎರಡು ಸಲ ಬಂದಿರುತ್ತದೆ.

ಬರೆಯುವಾಗ ಗುರುತಿಗೆ ಪದದ ಜಾಗ ನೋಡಿದರೆ ಸಾಕು. ಶ್ರಮ ಹೇಳುವ ಹಾರ್ಡ್ ಸಾಮಾನ್ಯವಾಗಿ ಕ್ರಿಯಾಪದದ ಹಿಂದೆ ಬರುತ್ತದೆ: ‘ಶೀ ಸ್ಟಡೀಡ್ ಹಾರ್ಡ್’, ಅಂದರೆ ಚೆನ್ನಾಗಿ ಓದಿದಳು. ಹಾರ್ಡ್ಲಿ ಕ್ರಿಯಾಪದದ ಮುಂದೆ ಕೂರುತ್ತದೆ: ‘ಶೀ ಹಾರ್ಡ್ಲಿ ಸ್ಟಡೀಡ್’, ಪುಸ್ತಕ ಮುಟ್ಟಿದ್ದೇ ಕಡಿಮೆ. ಲೇಟ್ ಮತ್ತು ಲೇಟ್ಲಿ ಕೂಡ ಹೀಗೆಯೇ ಬೇರೆಯಾದ ಜೋಡಿ. ತಡವಾಗಿ ಬಂದವನು ‘ಕೇಮ್ ಲೇಟ್’, ಇತ್ತೀಚೆಗೆ ಕಾಣಿಸದವನ ಬಗ್ಗೆ ಕೇಳುವಾಗ ‘ಹ್ಯಾವ್ ಯು ಸೀನ್ ಹಿಮ್ ಲೇಟ್ಲಿ’.