ಮೂವತ್ತು ಗಂಟೆಯಲ್ಲಿ ಒಂದು ನದಿ

ಕಳೆದ ಜುಲೈನಲ್ಲಿ ನಮ್ಮ ಸ್ಟಾಫ್ ರೂಮಿಗೆ ಹೊಸದಾಗಿ ಸೇರಿದ ಅತಿಥಿ ಉಪನ್ಯಾಸಕಿಯೊಬ್ಬರು ನಾಲ್ಕು ಪುಟದ ಕರಡು ಹಿಡಿದು ನನ್ನ ಮೇಜಿನ ಬಳಿ ಬಂದರು. ಬಸವೇಶ್ವರನಗರದ ಹುಡುಗಿ, ಎಂ.ಎ. ಮುಗಿಸಿ ಎರಡು ವರ್ಷವಾಗಿತ್ತು. ಪದವಿ ವಿದ್ಯಾರ್ಥಿಗಳಿಗೆ ವೃಷಭಾವತಿ ನದಿಯ ಮೇಲೆ 30 ಗಂಟೆಗಳ ಸರ್ಟಿಫಿಕೇಟ್ ಕೋರ್ಸ್ ಮಾಡುವ ಕೆಲಸ ಅವರ ಪಾಲಿಗೆ ಬಂದಿತ್ತು. "ಮೇಡಂ, ಒಂದು ಸಲ ನೋಡಿ. ನಾಳೆ ಎಚ್‌ಒಡಿಗೆ ಕೊಡಬೇಕು" ಎಂದರು. ನೋಡಿದೆ. ಮೊದಲ ವಾರ 'ನದಿ ಎಂದರೇನು', ಎರಡನೆಯ ವಾರ 'ನದಿ ಮತ್ತು ನಾಗರಿಕತೆ', ಮೂರನೆಯ ವಾರ 'ಭಾರತದ ನದಿಗಳು', ನಾಲ್ಕನೆಯ ವಾರ 'ಕರ್ನಾಟಕದ ನದಿಗಳು'. ವೃಷಭಾವತಿ ಕಾಣಿಸಿಕೊಂಡದ್ದು ಐದನೆಯ ವಾರ.

ನಗು ಬಂತು, ಆದರೆ ನಗಲಿಲ್ಲ. ಇಪ್ಪತ್ತು ವರ್ಷದ ಹಿಂದೆ ನಾನು ಬರೆದ ಮೊದಲ ಪಠ್ಯಕ್ರಮವೂ ಹೀಗೇ ಇತ್ತು. ನಾವು ಓದಿದ ಪುಸ್ತಕಗಳ ಮೊದಲ ಅಧ್ಯಾಯ ಹೇಗಿತ್ತೋ ನಮ್ಮ ಮೊದಲ ವಾರವೂ ಹಾಗೇ ಬಂದುಬಿಡುತ್ತದೆ. "ಕೂತ್ಕೊಳಮ್ಮಾ, ಹಿಂದಿನಿಂದ ಬರೆಯೋಣ" ಎಂದೆ.

ಹಿಂದಿನಿಂದ ಎಂದರೆ ಕೊನೆಯ ವಾರದಿಂದ. ಕೋರ್ಸ್ ಮುಗಿದ ದಿನ ವಿದ್ಯಾರ್ಥಿಯ ಕೈಯಲ್ಲಿ ಏನಿರಬೇಕು? ಕರಡಿನಲ್ಲಿ 'ನದಿಯ ಮಹತ್ವವನ್ನು ತಿಳಿಯುವರು' ಎಂದಿತ್ತು. ತಿಳಿದರೋ ಇಲ್ಲವೋ ಎಂದು ಗೊತ್ತಾಗುವುದು ಹೇಗೆ? ಅರ್ಧ ಗಂಟೆ ಚರ್ಚಿಸಿದ ಮೇಲೆ ಆ ಸಾಲಿನ ಜಾಗಕ್ಕೆ ಬೇರೊಂದು ಬಂತು: 'ಮೂವರ ತಂಡವು ವೃಷಭಾವತಿಯ ಒಂದು ಕಿಲೋಮೀಟರ್ ಉದ್ದವನ್ನು ಆರಿಸಿಕೊಂಡು, ಅದಕ್ಕೆ ಸೇರುವ ಮೋರಿಗಳನ್ನು ಗುರುತಿಸಿ ನಕ್ಷೆ ಬರೆದು, ಅಲ್ಲಿನ ನೀರು ಹಾಗಿರಲು ಕಾರಣವೇನೆಂದು ಒಂದಾದರೂ ದಾಖಲೆಯ ಆಧಾರದಿಂದ ನಾಲ್ಕು ಪುಟದಲ್ಲಿ ಬರೆಯುವುದು.' ಈಗ ಇದನ್ನು ಅಳೆಯಬಹುದು. ಈ ವರದಿ ಬರೆಯಲು ಬೇಕಾದ್ದು ಯಾವುದು, ಬೇಡವಾದ್ದು ಯಾವುದು ಎಂದು ಕೇಳುತ್ತ ಹೋದರೆ ವಾರಗಳು ತಾವಾಗಿ ಜೋಡಣೆಯಾಗುತ್ತವೆ. 'ನದಿ ಮತ್ತು ನಾಗರಿಕತೆ' ಬಿದ್ದುಹೋಯಿತು. ಅವರಿಗೆ ಸ್ವಲ್ಪ ಬೇಜಾರಾಯಿತು, ಸಿಂಧೂ ಕಣಿವೆಯ ಮೇಲೆ ಒಳ್ಳೆಯ ಟಿಪ್ಪಣಿ ಮಾಡಿಟ್ಟುಕೊಂಡಿದ್ದರಂತೆ.

ನಂತರ ಕ್ಯಾಲೆಂಡರ್ ತೆಗೆದೆವು. 30 ಗಂಟೆ ಎಂದರೆ ವಾರಕ್ಕೆ ಎರಡು ಪೀರಿಯಡ್‌ನಂತೆ 15 ವಾರ ಎಂದು ಅವರು ಲೆಕ್ಕ ಹಾಕಿದ್ದರು. ಆಗಸ್ಟ್‌ನಲ್ಲಿ ಶುರುವಾಗುವ ಸೆಮಿಸ್ಟರಿನಲ್ಲಿ 15 ವಾರ ಎಲ್ಲಿ ಸಿಗುತ್ತದೆ? ಗಣೇಶನ ಹಬ್ಬ, ದಸರಾ, ದೀಪಾವಳಿ, ರಾಜ್ಯೋತ್ಸವ, ನಡುವೆ ಇಂಟರ್ನಲ್ಸ್, ಕಾಲೇಜ್ ಡೇ ತಾಲೀಮು. ಕೈಗೆ ಸಿಗುವುದು ಹನ್ನೆರಡೇ ವಾರ. ಹನ್ನೆರಡು ವಾರಕ್ಕೆ ಎರಡೆರಡು ಗಂಟೆಯಂತೆ 24, ಎರಡು ಶನಿವಾರ ಬೆಳಗ್ಗೆ ಮೂರು ಮೂರು ಗಂಟೆ ಕ್ಷೇತ್ರಭೇಟಿ ಎಂದರೆ 6. ಅಲ್ಲಿಗೆ 30 ಸರಿಹೋಯಿತು. ಇಲ್ಲೊಂದು ಎಚ್ಚರಿಕೆ. ಕೋರ್ಸಿಗೆ ಕ್ರೆಡಿಟ್ ಕೊಡುವುದಾದರೆ 15 ಗಂಟೆ ಪಾಠಕ್ಕೆ ಒಂದು ಕ್ರೆಡಿಟ್, ಪ್ರಾಯೋಗಿಕವಾದರೆ 30 ಗಂಟೆಗೆ ಒಂದು. ಹಾಗಾಗಿ ಕ್ಷೇತ್ರಭೇಟಿಯನ್ನು ಯಾವ ಲೆಕ್ಕಕ್ಕೆ ಹಿಡಿಯುತ್ತಾರೆಂದು ಮೊದಲೇ ಕೇಳಿ, ಬರಹದಲ್ಲಿ ಪಡೆದುಕೊಳ್ಳಬೇಕು. ಸೆಮಿಸ್ಟರ್ ಮುಗಿದ ಮೇಲೆ ಗಂಟೆ ಕಡಿಮೆ ಬಿತ್ತೆಂದು ಗೊತ್ತಾದರೆ ಸರಿಪಡಿಸಲು ದಾರಿಯಿಲ್ಲ.

ಮೊದಲ ವಾರಕ್ಕೆ ಓದು ಇಟ್ಟುಕೊಳ್ಳಲಿಲ್ಲ. ಪ್ರವೇಶ ಇನ್ನೂ ಮುಗಿದಿರುವುದಿಲ್ಲ, ಅರ್ಧ ಜನ ಬಂದಿರುವುದಿಲ್ಲ. ಫೋನಿನಲ್ಲಿ ನಕ್ಷೆ ತೆರೆದು ಊರಿನ ಏಣನ್ನು ಹುಡುಕುವುದೇ ಅಂದಿನ ಪಾಠ. ಬೆಂಗಳೂರು ಏಣಿನ ಮೇಲೆ ಕೂತ ಊರು. ಪೂರ್ವಕ್ಕೆ ಬಿದ್ದ ಮಳೆ ಕೋರಮಂಗಲ, ಹೆಬ್ಬಾಳದ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ನಮ್ಮ ರಾಜಾಜಿನಗರ, ವಿಜಯನಗರದ ಕಡೆ ಬಿದ್ದದ್ದು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕಡೆಗೆ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ತಮ್ಮ ಮನೆಯ ಮೋರಿ ಎತ್ತ ಹರಿಯುತ್ತದೆ ಎಂದು ಪ್ರತಿಯೊಬ್ಬರೂ ಹೇಳುವಷ್ಟರಲ್ಲಿ ಎರಡು ಪೀರಿಯಡ್ ಮುಗಿಯುತ್ತದೆ. ಎರಡನೆಯ ವಾರ ಬಸವನಗುಡಿ. ದೊಡ್ಡ ಬಸವಣ್ಣನ ಪಾದದಡಿ ನದಿ ಹುಟ್ಟಿತೆಂಬ ಐತಿಹ್ಯ ಒಂದು ಕಡೆ, ಕಣಿವೆಯ ಭೂಗೋಳ ಇನ್ನೊಂದು ಕಡೆ. ಇದಕ್ಕೆ ಬ.ನ. ಸುಂದರರಾಯರ ಬೆಂಗಳೂರಿನ ಇತಿಹಾಸದಿಂದ ಕೆಲವು ಪುಟ.

ಓದಿನ ವಿಚಾರಕ್ಕೆ ಬಂದಾಗ ನಮ್ಮಿಬ್ಬರಿಗೂ ಸ್ವಲ್ಪ ಜಗಳವೇ ಆಯಿತು. ಅವರ ಪಟ್ಟಿಯಲ್ಲಿ ಹನ್ನೊಂದು ಪುಸ್ತಕಗಳಿದ್ದವು, ಪುಟಸಂಖ್ಯೆ ಒಂದಕ್ಕೂ ಇರಲಿಲ್ಲ. ಪುಟಸಂಖ್ಯೆ ಇಲ್ಲದ ಓದನ್ನು ವಿದ್ಯಾರ್ಥಿ ಓದುವುದಿಲ್ಲ, ನಿಜ ಹೇಳಬೇಕೆಂದರೆ ಕೊಟ್ಟವರೂ ಪೂರ್ತಿ ಓದಿರುವುದಿಲ್ಲ. ನಾನು ಪಾಲಿಸುವ ಕ್ರಮ ಇದು: ಕೊಡಬೇಕೆಂದಿರುವ ಭಾಗವನ್ನು ಗಡಿಯಾರ ಇಟ್ಟುಕೊಂಡು ಮನೆಯಲ್ಲಿ ಓದುವುದು, ಬಂದ ನಿಮಿಷವನ್ನು ಮೂರರಿಂದ ಗುಣಿಸುವುದು. ಅದು ಒಂದೂವರೆ ಗಂಟೆ ದಾಟಿದರೆ ಕತ್ತರಿಸುವುದು. ನಮ್ಮ ಹುಡುಗರು ಕೆಂಗೇರಿಯ ಆಚೆಯಿಂದ, ಮಾಗಡಿ ರಸ್ತೆಯಿಂದ ಬಸ್ಸಿನಲ್ಲಿ ಬರುತ್ತಾರೆ, ಎಷ್ಟೋ ಜನ ಸಂಜೆ ಅಂಗಡಿಯಲ್ಲಿ ದುಡಿಯುತ್ತಾರೆ. ನಗರ ಬೆಳೆದ ಬಗೆಗೆ ಜಾನಕಿ ನಾಯರ್ ಅವರ 2005ರ ಪುಸ್ತಕ ಒಳ್ಳೆಯದು, ಆದರೆ ಇಂಗ್ಲಿಷಿನದು. ಕನ್ನಡ ಮಾಧ್ಯಮದಿಂದ ಬಂದವರಿಗೆ ಅದರ ಎಂಟು ಪುಟವೇ ಒಂದು ವಾರದ ಕೆಲಸ.

ಪುಟ ಕಡಿಮೆಯಿದ್ದರೆ ಓದು ಸುಲಭ ಎಂದೂ ಅಲ್ಲ. ಏಳನೆಯ ವಾರಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ನೀರಿನ ಗುಣಮಟ್ಟದ ಕೋಷ್ಟಕವನ್ನು ಇಟ್ಟೆವು. ಅದು ಒಂದೇ ಹಾಳೆ. ಅದರಲ್ಲಿ ಬಿಒಡಿ ಎಂಬ ಕಾಲಂ ಇರುತ್ತದೆ. ನೀರಿನಲ್ಲಿರುವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕಾಗುತ್ತದೆ ಎಂಬುದರ ಅಳತೆ ಅದು. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಈ ಒಂದು ಸಂಖ್ಯೆ ಗೊತ್ತಿಲ್ಲದೆ ಕೋಷ್ಟಕ ಓದಿದರೆ ಅಂಕಿಗಳು ಸುಮ್ಮನೆ ಅಂಕಿಗಳು. ಹಾಗಾಗಿ ಆ ಹಾಳೆಯನ್ನು ಮನೆಗೆ ಕೊಡದೆ ತರಗತಿಯಲ್ಲೇ ಓದಿಸುವುದೆಂದು ಬರೆದುಕೊಂಡೆವು.

ಆರನೆಯ ವಾರವನ್ನು ಖಾಲಿ ಬಿಟ್ಟೆವು. ವಿಷಯದ ಕಾಲಂನಲ್ಲಿ 'ಬಾಕಿ ಉಳಿದದ್ದು' ಎಂದಷ್ಟೇ. ಎಚ್‌ಒಡಿ ಅದಕ್ಕೆ ಹುಬ್ಬು ಗಂಟಿಕ್ಕಿದರೆ 'ಪುನರವಲೋಕನ' ಎಂದು ಬರೆಯಿರಿ ಎಂದೆ. ಖಾಲಿ ವಾರ ಇಲ್ಲದ ಪಠ್ಯಕ್ರಮದಲ್ಲಿ ಒಂದು ತರಗತಿ ತಪ್ಪಿದರೆ ಕೊನೆಯ ಎರಡು ವಿಷಯಗಳು ಓಡಿಕೊಂಡು ಹೋಗುತ್ತವೆ. ಈ ಕೋರ್ಸಿನ ಕೊನೆಯ ವಿಷಯವೇ ಮುಖ್ಯ: ಕಾವೇರಿಯಿಂದ ಸುಮಾರು 100 ಕಿ.ಮೀ. ದೂರ ಪಂಪ್ ಮಾಡಿ ಮೇಲೆ ತಂದ ನೀರು ನಮ್ಮ ಬಚ್ಚಲಿನಿಂದ ಇಳಿದು ಬೈರಮಂಗಲದ ಕೆರೆಗೆ, ಅಲ್ಲಿನ ರೈತರ ಗದ್ದೆಗೆ ಹೇಗೆ ತಲುಪುತ್ತದೆ ಎನ್ನುವುದು.

ಇನ್ನು ಮೌಲ್ಯಮಾಪನ. ಹೊಸಬರು ಇಲ್ಲಿ ವಿದ್ಯಾರ್ಥಿಯ ಹೊರೆ ಲೆಕ್ಕ ಹಾಕುತ್ತಾರೆ, ತಮ್ಮದನ್ನು ಮರೆಯುತ್ತಾರೆ. ಅವರ ಕರಡಿನಲ್ಲಿ ವಾರಕ್ಕೊಂದು ಎರಡು ಪುಟದ ಅಸೈನ್‌ಮೆಂಟ್. ತರಗತಿಯಲ್ಲಿ 60 ಜನ. ಹನ್ನೆರಡು ವಾರಕ್ಕೆ 720 ಅಸೈನ್‌ಮೆಂಟ್, ಒಂದಕ್ಕೆ ಆರು ನಿಮಿಷ ಹಿಡಿದರೂ 72 ಗಂಟೆ. ಪಾಠಕ್ಕೆ 30 ಗಂಟೆ, ತಿದ್ದಲು 72! ಅತಿಥಿ ಉಪನ್ಯಾಸಕರಿಗೆ ತಿದ್ದುವುದಕ್ಕೆಂದು ಯಾರೂ ಸಂಬಳ ಕೊಡುವುದಿಲ್ಲ. ಮೂರನೆಯ ವಾರದ ಹೊತ್ತಿಗೆ ಓದದೆ ಟಿಕ್ ಹಾಕುವುದು ಶುರುವಾಗುತ್ತದೆ, ನಾಲ್ಕನೆಯ ವಾರಕ್ಕೆ ಅದು ವಿದ್ಯಾರ್ಥಿಗಳಿಗೆ ಗೊತ್ತಾಗುತ್ತದೆ.

ಒಟ್ಟು 50 ಅಂಕವನ್ನು ಹೀಗೆ ಹಂಚಿದೆವು. ಆರು ವಾರ ಓದಿನ ಚೀಟಿ, ಅಂದರೆ ತರಗತಿಯ ಮೊದಲ ಹತ್ತು ನಿಮಿಷದಲ್ಲಿ ಒಂದೇ ಪ್ರಶ್ನೆಗೆ ಅರ್ಧ ಪುಟ. ಉತ್ತಮವಾದ ಐದಕ್ಕೆ ಮೂರು ಮೂರು ಅಂಕದಂತೆ 15. ಮೊದಲ ಭೇಟಿಯ ನಕ್ಷೆಗೆ 10. ವರದಿಯ ಕರಡಿಗೆ 5, ಅಂತಿಮ ವರದಿಗೆ 15, ವೈವಾಕ್ಕೆ 5. ಚೀಟಿ ನೋಡಲು ಒಂದಕ್ಕೆ ಎರಡು ನಿಮಿಷ ಸಾಕು, ಆರು ವಾರಕ್ಕೆ ಒಟ್ಟು 12 ಗಂಟೆ. ವರದಿ ತಂಡದ್ದಾದ್ದರಿಂದ ಇಪ್ಪತ್ತೇ. ಕರಡಿಗೆ ಅಂಕ ಯಾಕೆ ಎಂದು ಕೇಳಿದರು. ಕರಡಿಗೆ ಅಂಕ ಇಲ್ಲದಿದ್ದರೆ ಯಾರೂ ಕರಡು ತರುವುದಿಲ್ಲ, ತಪ್ಪುಗಳೆಲ್ಲ ಕೊನೆಯ ದಿನವೇ ಕಾಣುತ್ತವೆ. ವರದಿಯ 15 ಅಂಕವನ್ನೂ ಮೊದಲೇ ಬಿಡಿಸಿ ಹೇಳಬೇಕು: ಕಣ್ಣಾರೆ ಕಂಡದ್ದಕ್ಕೆ 5, ದಾಖಲೆಗೆ 5, ಎರಡನ್ನೂ ಜೋಡಿಸಿ ಕಾರಣ ಹೇಳಿದ್ದಕ್ಕೆ 5. ವೈವಾದಲ್ಲಿ ಕೇಳುವುದು ಸಣ್ಣ ಪ್ರಶ್ನೆ: "ಮೋರಿ ಸೇರುವ ಜಾಗ ನೋಡಿದಾಗ ನೀವು ಸೇತುವೆಯ ಯಾವ ಕಡೆ ನಿಂತಿದ್ದಿರಿ?" ಹೋಗದೆ ಬರೆದವರು ಅಲ್ಲೇ ತಡವರಿಸುತ್ತಾರೆ.

ಕ್ಷೇತ್ರಭೇಟಿಗೆ ನಾಯಂಡಹಳ್ಳಿಯಿಂದ ಕೆಂಗೇರಿಯವರೆಗಿನ ಭಾಗವನ್ನು ಆರಿಸಿದ್ದಕ್ಕೆ ಕಾರಣವಿದೆ. ನದಿ ಅಲ್ಲಿ ಮೈಸೂರು ರಸ್ತೆಯ ಆಸುಪಾಸಿನಲ್ಲೇ ಹರಿಯುತ್ತದೆ, 2021ರ ಆಗಸ್ಟ್‌ನಿಂದ ಕೆಂಗೇರಿಗೆ ಮೆಟ್ರೊ ಇರುವುದರಿಂದ ಕಾಲೇಜಿನ ಬಸ್ಸಿಗೆ ಅರ್ಜಿ ಹಾಕಿ ಕಾಯಬೇಕಾಗಿಲ್ಲ. ಆದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋರು ಮಳೆ ಬಂದರೆ ಈ ನದಿ ಉಕ್ಕಿ ಮೈಸೂರು ರಸ್ತೆಗೇ ಬರುತ್ತದೆ. ಆದ್ದರಿಂದ ಪ್ರತಿ ಭೇಟಿಗೂ ಬದಲಿ ಶನಿವಾರ ಗುರುತಿಸಿಡಬೇಕು, ಪ್ರಾಂಶುಪಾಲರ ಅನುಮತಿ ಮತ್ತು ಪೋಷಕರ ಒಪ್ಪಿಗೆ ಪತ್ರ ಎರಡನೆಯ ವಾರದಲ್ಲೇ ಕೈಯಲ್ಲಿರಬೇಕು, ಸೇತುವೆಯ ಮೇಲಿಂದ ನೋಡುವುದೇ ಹೊರತು ದಡಕ್ಕೆ ಇಳಿಯುವಂತಿಲ್ಲ ಎಂಬ ಸಾಲು ಪಠ್ಯಕ್ರಮದಲ್ಲೇ ಇರಬೇಕು.

ಎಡವಿದ್ದು ಗೊತ್ತಾಗುವುದು ಓದಿನ ಚೀಟಿಯಿಂದ. ಎರಡನೆಯ ಚೀಟಿ ನಾಲ್ಕನೆಯ ವಾರದ್ದು. ಅದನ್ನು ಆ ಉಪನ್ಯಾಸಕಿ ತಂದು ತೋರಿಸಿದಾಗ ಅರ್ಧಕ್ಕಿಂತ ಹೆಚ್ಚು ಜನ ಓದಿನ ಮೊದಲ ಎರಡು ಪುಟದಿಂದಷ್ಟೇ ಉತ್ತರ ಬರೆದಿದ್ದರು. "ಯಾರೂ ಓದ್ತಿಲ್ಲ ಮೇಡಂ" ಎಂದು ಬೇಸರಪಟ್ಟರು. ಹತ್ತು ಜನ ಹೀಗೆ ಬರೆದಿದ್ದರೆ ಅದು ಅವರ ಸೋಮಾರಿತನ. ಅರ್ಧ ತರಗತಿ ಒಂದೇ ಕಡೆ ನಿಂತಿದೆಯೆಂದರೆ ಕೊಟ್ಟ ಓದು ಉದ್ದವಾಯಿತೆಂದೇ ಅರ್ಥ. ಖಾಲಿ ಬಿಟ್ಟಿದ್ದ ಆರನೆಯ ವಾರ ಅಲ್ಲಿ ಉಪಯೋಗಕ್ಕೆ ಬಂತು, ಉಳಿದ ಪುಟಗಳನ್ನು ತರಗತಿಯಲ್ಲೇ ಓದಿಸಿದರು.

ನಾಲ್ಕು ಪುಟದ ಕರಡು ಕೊನೆಗೆ ಒಂದೇ ಹಾಳೆಯ ಎರಡು ಬದಿಗೆ ಇಳಿದಿತ್ತು: ಒಂದು ಬದಿ ವಾರ, ದಿನಾಂಕ, ವಿಷಯ, ಓದಿನ ಪುಟಸಂಖ್ಯೆ, ಕೊಡಬೇಕಾದ ಕೆಲಸ. ಇನ್ನೊಂದು ಬದಿ ಅಂಕ ಹಂಚಿಕೆ, ತಡವಾಗಿ ಕೊಟ್ಟರೆ ದಿನಕ್ಕೆ ಎಷ್ಟು ಕಡಿತ, ಭೇಟಿಯ ನಿಯಮ. ಡಿಸೆಂಬರ್‌ನಲ್ಲಿ ಕೋರ್ಸ್ ಮುಗಿದಾಗ ಆ ಹಾಳೆಯ ಅಂಚು ತುಂಬ ಪೆನ್ಸಿಲ್ ಟಿಪ್ಪಣಿಗಳಿದ್ದವು, ಪ್ರತಿ ತರಗತಿ ನಿಜಕ್ಕೂ ಎಷ್ಟು ನಿಮಿಷ ಹಿಡಿಯಿತೆಂಬ ಲೆಕ್ಕ. ನಾಲ್ಕನೆಯ ವಾರದ ಎದುರು ಹೀಗೆ ಬರೆದಿದ್ದರು: 'ಎಂಟು ಪುಟ ಜಾಸ್ತಿ. ಮುಂದಿನ ವರ್ಷ ಐದು.'